ಕಲ್ಯಾಣಿ ಮೆಟ್ಟಿಲ ಮೇಲೆ ತಾತನನ್ನು ನಿಲ್ಲಿಸಬೇಕು, ಬೆಳಕು ಕೂಡುತ್ತಿಲ್ಲ

ಮಂಡ್ಯ ಸ್ಟುಡಿಯೋ

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಫೋಟೋ ಹಿಡಿದುಕೊಂಡು ಕೂತಿದ್ದೇನೆ.

ಜನವರಿಯಲ್ಲಿ ಒಂದು ಮದುವೆ ಮಾಡಿಕೊಟ್ಟೆ. ಮದುವೆಯ ಮಾರನೇ ದಿನ ಮನೆಯವರೆಲ್ಲ ಮೇಲುಕೋಟೆಗೆ ಹೋಗಿದ್ದರು. ಕಲ್ಯಾಣಿ ಮೆಟ್ಟಿಲ ಮೇಲೆ ಒಂದು ಗ್ರೂಪ್ ಫೋಟೋ ತೆಗೆದೆ. ಸಂಜೆ ಹತ್ತಿರತ್ತಿರ ಐದು ಗಂಟೆ, ಒಳ್ಳೇ ಹೊಂಬಿಸಿಲು. ಹುಡುಗಿಯ ತಾತನಿಗೆ ಮಂಡಿ ಆಪರೇಷನ್ ಆಗಿತ್ತು, ಅವರು ಬರಲಿಲ್ಲ. ಈಗ ಆ ಫೋಟೋದಲ್ಲಿ ತಾತ ಬೇಕಂತೆ, ಗೋಡೆಗೆ ದೊಡ್ಡದಾಗಿ ಹಾಕಿಸುತ್ತಾರಂತೆ.

ತಾತನ ಪೂರ್ತಿ ಫೋಟೋ ಇರುವುದು ಛತ್ರದ್ದು ಒಂದೇ. ಬಿಳಿ ಪಂಚೆ, ಬಿಳಿ ಶರ್ಟು, ಹೆಗಲ ಮೇಲೆ ಶಲ್ಯ. ಫ್ಲ್ಯಾಶನ್ನು ಬಲಗಡೆ ಗೋಡೆಗೆ ಹೊಡೆದು ತೆಗೆದದ್ದು. ಕಟ್ ಮಾಡಿದ್ದೇನೆ, ಅಂಚು ಚೆನ್ನಾಗಿಯೇ ಬಂದಿದೆ. ಆದರೆ ಗ್ರೂಪಲ್ಲಿ ಇಟ್ಟರೆ ಸಿನಿಮಾ ಥಿಯೇಟರ್ ಮುಂದೆ ನಿಲ್ಲಿಸಿದ ಕಟೌಟ್ ಥರ ಕಾಣುತ್ತಾರೆ. ಕಲ್ಯಾಣಿಯಲ್ಲಿ ಬಿಸಿಲು ಫೋಟೋದ ಎಡಗಡೆಯಿಂದ, ಸ್ವಲ್ಪ ಮುಂದಿನಿಂದ ಬೀಳುತ್ತಿದೆ. ತಾತನಿಗೆ ಬೆಳಕು ಬಲಗಡೆಯಿಂದ.

ಫ್ಲಿಪ್ ಮಾಡಿ ನೋಡಿದೆ. ಹುಡುಗಿಯ ಅಮ್ಮನಿಗೆ ಕಳಿಸಿದರೆ, 'ಇದ್ಯಾಕೋ ನಮ್ಮಪ್ಪ ಅನ್ನಿಸ್ತಿಲ್ಲ' ಅಂದರು. ಆಮೇಲೆ ನೋಡಿದರೆ ಶರ್ಟಿನ ಜೇಬು ಬಲಕ್ಕೆ ಹೋಗಿದೆ, ವಾಚು ಬಲಗೈಗೆ, ಶಲ್ಯ ಇನ್ನೊಂದು ಹೆಗಲಿಗೆ. ಫೋಟೋಶಾಪ್ ಇದೆ, ಎರಡೂ ಫೋಟೋದ ರಾ ಫೈಲೂ ಇದೆ. ದಾರಿ ಹೇಳಿ.

ಕ್ಲಿಕ್ ಗೌಡ

ಇದಕ್ಕೆ ಮೂರು ದಿನ ಯಾಕೆ ಗುರು? `Image > Adjustments > Match Color` ಗೆ ಹೋಗು. ಸೋರ್ಸ್ ಜಾಗದಲ್ಲಿ ಕಲ್ಯಾಣಿ ಫೋಟೋ ಕೊಡು. ತಾತನ ಬಣ್ಣ ಅದೇ ಬಂದು ಕೂರುತ್ತೆ. ನಾನು ಎಲ್ಲ ಆಲ್ಬಂಗೂ ಇದೇ ಮಾಡೋದು.

ಪೆನ್ ಟೂಲ್ ಪಂಡಿತ

ಕಟ್ ಮಾಡಿದ್ದು ಸರಿ ಇಲ್ಲ ಅಂದ್ರೆ ಹಾಗೇ ಆಗೋದು. ಪೆನ್ ಟೂಲಲ್ಲೇ ಕಟ್ ಮಾಡಿ, ಒಂದು ಪಿಕ್ಸೆಲ್ ಫೆದರ್ ಕೊಡಿ. ಕೂದಲಿಗೆ ಬೇರೆ ಮಾಸ್ಕ್ ಮಾಡಿ.

ಮಂಡ್ಯ ಸ್ಟುಡಿಯೋ

ಪಂಡಿತರೇ, ಕಟಿಂಗ್ ಸಮಸ್ಯೆ ಅಲ್ಲ. ತಾತನಿಗೆ ಕೂದಲೂ ಅಷ್ಟಾಗಿ ಇಲ್ಲ, ನನ್ನ ಪುಣ್ಯ.

ಗೌಡ್ರೇ, ಮಾಡಿ ನೋಡಿದೆ. ತಾತ ಕೆಂಪು ಮಣ್ಣಲ್ಲಿ ಅದ್ದಿ ತೆಗೆದ ಹಾಗೆ ಆದರು. ಪಂಚೆಯ ನೆರಳಿನ ಭಾಗಕ್ಕೂ ಕಿತ್ತಳೆ ಬಣ್ಣ ಬಂತು.

ಹಳೇ ನೆಗೆಟಿವ್

ಗೌಡರು ಹೇಳಿದ್ದು ಅರ್ಧ ಸರಿ. ಮೋಡ ಕವಿದ ದಿನದ ಫೋಟೋ ಆಗಿದ್ದರೆ ಅದರಲ್ಲೇ ಕೆಲಸ ಮುಗಿಯುತ್ತಿತ್ತು. ಯಾಕೆಂದರೆ ಮೋಡದಲ್ಲಿ ಬೆಳಕಿಗೆ ಬಣ್ಣ ಒಂದೇ. ಬಿಸಿಲಲ್ಲಿ ಹಾಗಲ್ಲ. ಬಿಸಿಲು ಬಿದ್ದ ಕಡೆ ಸೂರ್ಯನ ಬಣ್ಣ, ಬೀಳದ ಕಡೆ ಆಕಾಶದ ಬಣ್ಣ. ಒಂದು ಹಳದಿ, ಇನ್ನೊಂದು ನೀಲಿ. Match Color ಇಡೀ ಫೋಟೋದ ಸರಾಸರಿ ನೋಡುತ್ತೆ. ಕಲ್ಲು, ನೀರು, ಹತ್ತು ರೇಷ್ಮೆ ಸೀರೆ ಎಲ್ಲ ಕಲಸಿ ಬಂದ ಬಣ್ಣವನ್ನು ತಾತನಿಗೆ ಬಳಿಯುತ್ತೆ. ಬೆಳಕು ಯಾವ ಕಡೆಯಿಂದ ಬಂತು ಅನ್ನುವುದು ಅದಕ್ಕೆ ಗೊತ್ತೇ ಇಲ್ಲ.

ಒಂದು ಪ್ರಶ್ನೆ. ಗ್ರೂಪಲ್ಲಿ ಬೇರೆ ಯಾರಾದರೂ ಬಿಳಿ ಪಂಚೆ ಉಟ್ಟವರು ಇದ್ದಾರಾ? ಇದ್ದರೆ ಅವರ ಪಂಚೆಯ ಬಿಸಿಲು ಬಿದ್ದ ಕಡೆ, ಬೀಳದ ಕಡೆ ಎರಡರ ನಂಬರೂ `Info` ಪ್ಯಾನೆಲಿನಲ್ಲಿ ನೋಡಿ ಹಾಕಿ. ಐಡ್ರಾಪರನ್ನು `5 by 5 Average` ಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಒಂದು ಪಿಕ್ಸೆಲ್ಲಿನ ನಂಬರ್ ಬಂದು ದಾರಿ ತಪ್ಪಿಸುತ್ತೆ. ತಾತನ ಪಂಚೆಯದ್ದೂ ಎರಡು ಕಡೆ ನೋಡಿ.

ಮಂಡ್ಯ ಸ್ಟುಡಿಯೋ

ಇದ್ದಾರೆ ಸಾರ್, ಗಂಡಿನ ತಂದೆ. ತಾತನನ್ನು ಅವರ ಪಕ್ಕಕ್ಕೇ ನಿಲ್ಲಿಸಬೇಕು ಅಂತಿದ್ದೇನೆ.

ಅವರ ಪಂಚೆ, ಬಿಸಿಲಲ್ಲಿ: R 246, G 222, B 184. ನೆರಳಲ್ಲಿ: R 112, G 118, B 134.
ತಾತನ ಪಂಚೆ, ಬೆಳಕಿನ ಕಡೆ: 232, 232, 228. ಇನ್ನೊಂದು ಕಡೆ: 176, 174, 168.

ಹಳೇ ನೆಗೆಟಿವ್

ಈಗ ನೋಡಿ, ರೋಗ ಕಾಣಿಸಿತು. ಬೀಗರ ಪಂಚೆಯಲ್ಲಿ ಬಿಸಿಲಿಗೂ ನೆರಳಿಗೂ ಕೆಂಪು ಅರ್ಧಕ್ಕಿಂತ ಕಡಿಮೆಗೆ ಇಳಿಯುತ್ತೆ. ನೀಲಿ ಅಷ್ಟು ಇಳಿಯುವುದಿಲ್ಲ. ನಿಮ್ಮ ತಾತನಿಗೆ ಎರಡೂ ಕಡೆ ಬಣ್ಣ ಹೆಚ್ಚುಕಡಿಮೆ ಒಂದೇ, ವ್ಯತ್ಯಾಸವೂ ಸ್ವಲ್ಪವೇ. ಅವರು ಗೋಡೆಯ ಮೆತ್ತನೆ ಬೆಳಕಲ್ಲಿ ನಿಂತವರು. ಇದು ನಿಮಗೆ ಅನುಕೂಲವೇ. ಇಲ್ಲದ ನೆರಳನ್ನು ಹಾಕಬಹುದು. ಫ್ಲ್ಯಾಶ್ ನೇರ ಮುಖಕ್ಕೆ ಹೊಡೆದು ಮೂಗಿನ ನೆರಳು ಕೆನ್ನೆ ಮೇಲೆ ಕಪ್ಪಗೆ ಬಿದ್ದಿದ್ದರೆ ಅದನ್ನು ತೆಗೆಯುವುದು ತುಂಬಾ ಕಷ್ಟ.

ನಾನು ಮಾಡುವ ರೀತಿ ಹೇಳುತ್ತೇನೆ. ಒಬ್ಬ ತಾತನನ್ನು ಇಬ್ಬರು ತಾತ ಮಾಡುವುದು. ಒಬ್ಬರು ಪೂರ್ತಿ ನೆರಳಲ್ಲಿ ನಿಂತವರು, ಇನ್ನೊಬ್ಬರು ಪೂರ್ತಿ ಬಿಸಿಲಲ್ಲಿ ನಿಂತವರು. ನೆರಳಿನ ತಾತ ಕೆಳಗೆ, ಬಿಸಿಲಿನ ತಾತ ಮೇಲೆ. ಮೇಲಿನವರಿಗೆ ಕಪ್ಪು ಮಾಸ್ಕ್ ಹಾಕಿ, ಬಿಸಿಲು ಎಲ್ಲಿ ಬೀಳಬೇಕೋ ಅಲ್ಲಿ ಮಾತ್ರ ಬಿಳಿ ಬ್ರಶ್ಶಲ್ಲಿ ತೆರೆಯುವುದು.

ಅದಕ್ಕೆ ಮೊದಲು ಛತ್ರದ ಬೆಳಕನ್ನು ಅಳಿಸಬೇಕು. ತಾತನ ಬಲಭಾಗವನ್ನು ಸ್ವಲ್ಪ ಇಳಿಸಿ, ಎಡಭಾಗವನ್ನು ಎತ್ತಿ. ಕರ್ವ್ಸ್ ಲೇಯರ್, ದೊಡ್ಡ ಮೆತ್ತನೆ ಬ್ರಶ್. ಪಂಚೆ ಎರಡೂ ಕಡೆ 205ರ ಆಸುಪಾಸಿಗೆ ಬರಲಿ, ಮೂರು ಚಾನೆಲ್ಲೂ ಸಮ. ಆಗ ತಾತ ಪಾಸ್‌ಪೋರ್ಟ್ ಫೋಟೋ ಥರ ಚಪ್ಪಟೆ ಕಾಣುತ್ತಾರೆ. ಹಾಗೇ ಕಾಣಬೇಕು.

ಆಮೇಲೆ ನೆರಳಿನ ತಾತ. ಕರ್ವ್ಸಲ್ಲಿ ಒಂದೊಂದೇ ಚಾನೆಲ್ ತೆಗೆದುಕೊಳ್ಳಿ. ಗೆರೆಯ ನಡುವೆ ಚುಕ್ಕಿ ಇಟ್ಟು ಎಳೆಯಬೇಡಿ, ಗೆರೆ ಬಾಗಿ ಚರ್ಮ ಹಾಳಾಗುತ್ತೆ. ಬಲಗಡೆ ಮೇಲಿನ ತುದಿಯನ್ನೇ ನೆಟ್ಟಗೆ ಕೆಳಗೆ ಎಳೆಯಿರಿ. 205 ಇದ್ದದ್ದು ಕೆಂಪಲ್ಲಿ 112 ಆಗಬೇಕಾದರೆ ತುದಿ 139ಕ್ಕೆ ಬರಬೇಕು. ಹಸಿರು 147, ನೀಲಿ 167. ಬಿಸಿಲಿನ ತಾತನಿಗೆ ಕೆಂಪಿನ ತುದಿಯನ್ನು ಎಡಕ್ಕೆ, 212ರ ತನಕ ತಳ್ಳಿ. ಹಸಿರನ್ನು 235ರ ತನಕ. ನೀಲಿಯನ್ನು ಮಾತ್ರ ಕೆಳಗೆ, 229ಕ್ಕೆ. ಲೆಕ್ಕ ಇಷ್ಟೇ: ಕೆಳಗೆ ಎಳೆಯುವಾಗ ಬೇಕಾದ ನಂಬರನ್ನು ಇರುವ ನಂಬರಿಂದ ಭಾಗಿಸಿ 255ರಿಂದ ಗುಣಿಸುವುದು, ಎಡಕ್ಕೆ ತಳ್ಳುವಾಗ ಇರುವುದನ್ನು ಬೇಕಾದದ್ದರಿಂದ ಭಾಗಿಸಿ 255ರಿಂದ ಗುಣಿಸುವುದು.

ಮುಖಕ್ಕೆ ಬೇರೆ ಲೆಕ್ಕ ಬೇಡ. ಬಿಳಿ ಬಟ್ಟೆ ಬೆಳಕಿನ ಬಣ್ಣ ಹೇಳುತ್ತೆ, ಚರ್ಮ ಅದನ್ನೇ ಹಿಂಬಾಲಿಸುತ್ತೆ. ಮುಖ ನೋಡಿಕೊಂಡು ಕಣ್ಣಂದಾಜಲ್ಲಿ ಬಣ್ಣ ಹಾಕುತ್ತಾ ಹೋದವರು ಬೆಳಗಿನ ತನಕ ಹಾಕುತ್ತಲೇ ಇರುತ್ತಾರೆ.

ಜರಿ ಸೆರಗು

ಸಾರ್ ಹೇಳಿದ ದಾರಿ ಸರಿ. ಆದರೆ ಒಂದು ಅನುಮಾನ. ಎರಡು ಪಂಚೆಯೂ ಒಂದೇ ಬಿಳಿ ಅಂತ ಹೇಗೆ ನಂಬೋದು? ಬೀಗರದ್ದು ಮದುವೆಗೆ ಕೊಂಡ ಹೊಸ ಪಂಚೆ. ತಾತನದ್ದು ಹತ್ತು ವರ್ಷ ಒಗೆದು ನೀಲಿ ಹಾಕಿದ್ದೂ ಇರಬಹುದು. ಹೊಸ ಬಟ್ಟೆಯ ಬಿಳುಪು ಬೇರೆ, ಬಿಸಿಲಲ್ಲಿ ಇನ್ನೂ ನೀಲಿಯಾಗಿ ಹೊಳೆಯುತ್ತೆ. ನಂಬರಿನ ಪ್ರಕಾರ ಹೋದರೆ ಮುಖ ಸ್ವಲ್ಪ ತಪ್ಪುತ್ತೆ.

ಹಳೇ ನೆಗೆಟಿವ್

ಒಪ್ಪಿದೆ ಮೇಡಂ. ನಂಬರು ಹತ್ತಿರಕ್ಕೆ ಕರೆದುಕೊಂಡು ಬರುತ್ತೆ, ಕೊನೆಯ ಹೆಜ್ಜೆ ಕಣ್ಣಿನದ್ದೇ. ಆದರೂ ಪಂಚೆಗಿಂತ ಒಳ್ಳೇ ಗುರುತು ಈ ಫೋಟೋದಲ್ಲಿ ನನಗೆ ಕಾಣುತ್ತಿಲ್ಲ.

ಜರಿ ಸೆರಗು

ಬೀಗರ ತಲೆಯ ಬಿಳಿ ಕೂದಲು ನೋಡಬಹುದಲ್ವಾ? ಇರಲಿ, ನನಗೂ ಖಾತ್ರಿ ಇಲ್ಲ.

ದೀಪದ ಭಾನುವಾರ

ನನ್ನದೂ ಇದೇ ಕಥೆ. ಗಂಡು ಹೆಣ್ಣಿನ ಜೋಡಿ ಫೋಟೋವನ್ನು ಅರಮನೆ ಮುಂದೆ ಇಡಬೇಕು, ಭಾನುವಾರ ಸಂಜೆ ದೀಪ ಹಚ್ಚಿದಾಗಿನ ಅರಮನೆ. ಜೋಡಿಯ ಫೋಟೋ ಸ್ಟುಡಿಯೋದ್ದು. ಎಷ್ಟು ಹಳದಿ ಹಾಕಿದರೂ ಅಂಟಿಸಿದ ಹಾಗೇ ಕಾಣುತ್ತೆ. ಆ ಲಕ್ಷ ಬಲ್ಬಿನ ಬೆಳಕು ಮುಖಕ್ಕೆ ಬರಬೇಕಲ್ವಾ?

ಹಳೇ ನೆಗೆಟಿವ್

ಮುಖಕ್ಕೆ ಹೇಗೆ ಬರುತ್ತೆ? ಅರಮನೆ ಅವರ ಬೆನ್ನ ಹಿಂದೆ ಇದೆಯಲ್ಲ. ಬಲ್ಬಿನ ಹಳದಿ ಬರಬೇಕಾದದ್ದು ಹೆಗಲ ಮೇಲೆ, ತಲೆಯ ಅಂಚಿಗೆ, ಕಿವಿಯ ಹಿಂದೆ. ಅರಮನೆ ಅಗಲವಾಗಿರುವುದರಿಂದ ಎರಡೂ ಪಕ್ಕಕ್ಕೆ. ಮುಖ ಕತ್ತಲಲ್ಲೇ ಇರುತ್ತೆ. ನಿಜಕ್ಕೂ ಅಲ್ಲಿ ನಿಲ್ಲಿಸಿ ತೆಗೆದರೂ ನಾವು ಮುಖಕ್ಕೆ ಫ್ಲ್ಯಾಶ್ ಹೊಡೆದೇ ಹೊಡೆಯುತ್ತೇವೆ. ಹಾಗಾಗಿ ಮುಖದಲ್ಲಿ ಸ್ಟುಡಿಯೋ ಬೆಳಕು ಇದ್ದರೆ ಅದೇನೂ ಸುಳ್ಳಲ್ಲ. ಅದನ್ನು ಒಂದು ಸ್ಟಾಪಿನಷ್ಟು ಇಳಿಸಿ, ಅಂಚಿಗೆ ಮಾತ್ರ `Screen` ಲೇಯರಿನಲ್ಲಿ ಹಳದಿ ಗೆರೆ ತನ್ನಿ. ಗೆರೆ ಸುತ್ತಲೂ ಒಂದೇ ದಪ್ಪ ಇದ್ದರೆ ಸ್ಟಿಕ್ಕರ್ ಆಗುತ್ತೆ. ಹೆಗಲ ಮೇಲೆ ದಪ್ಪ, ತೋಳಿನ ಪಕ್ಕದಲ್ಲಿ ಸಣ್ಣ, ತೋಳಿಗೂ ಸೊಂಟಕ್ಕೂ ನಡುವೆ ಏನೂ ಇಲ್ಲ.

ದೀಪದ ಭಾನುವಾರ

ಅಂದರೆ ಇಷ್ಟು ದಿನ ಮುಖಕ್ಕೆ ಹಳದಿ ಬಳಿದಿದ್ದೇ ತಪ್ಪಾ! ಆದರೆ ಗಿರಾಕಿ ಮುಖ 'ಗೋಲ್ಡನ್' ಇರಲಿ ಅಂತಾರೆ.

ಹಳೇ ನೆಗೆಟಿವ್

ಗಿರಾಕಿ ಕೇಳಿದರೆ ಮಾಡಿಕೊಡಿ. ಅದು ಬೇರೆ ವಿಷಯ.

ಮಂಡ್ಯ ಸ್ಟುಡಿಯೋ

ಸಾರ್, ನಿನ್ನೆ ರಾತ್ರಿ ಕೂತೆ. ಇಬ್ಬರು ತಾತ ಆದರು. ಬಣ್ಣ ನೋಡಿ ನಾನೇ ದಂಗಾದೆ, ಬೀಗರ ಪಕ್ಕ ನಿಲ್ಲಿಸಿದರೆ ಪಂಚೆ ಪಂಚೆ ಕೂಡಿಕೊಂಡಿತು. ಆದರೆ ಮಾಸ್ಕ್ ತೆರೆಯುವಾಗ ಎಡವಟ್ಟಾಯಿತು. ತಾತನ ಎಡ ಅರ್ಧಕ್ಕೆಲ್ಲ ಬಿಸಿಲು ಕೊಟ್ಟೆ. ಮುಖಕ್ಕೆ ಒಂದು ಕಡೆ ಅರಿಶಿನ ಮೆತ್ತಿದ ಹಾಗೆ ಕಾಣುತ್ತೆ. ಪಂಚೆ ಅಂತೂ ವಿಚಿತ್ರ. ಬಿಸಿಲು ಎಡಗಡೆ ಇದೆ, ಆದರೆ ಒಂದೊಂದು ನೆರಿಗೆಯೂ ಬಲಗಡೆಯೇ ಹೊಳೆಯುತ್ತಿದೆ.

ಜರಿ ಸೆರಗು

ನೆರಿಗೆ ವಿಷಯ ನಾನು ಹೇಳ್ತೀನಿ, ದಿನಾ ಸೀರೆ ಜೊತೆ ಗುದ್ದಾಡೋಳು ನಾನು. ನೀವು ದೊಡ್ಡ ಬ್ರಶ್ಶಲ್ಲಿ ಅಳಿಸಿದ್ದು ದೊಡ್ಡ ಬೆಳಕನ್ನು ಮಾತ್ರ. ಸಣ್ಣ ಸಣ್ಣ ನೆರಿಗೆಯೊಳಗೆ ಛತ್ರದ ಬೆಳಕು ಹಾಗೇ ಕೂತಿದೆ. ನೆರಿಗೆಯ ಬಲ ಮಗ್ಗುಲು ಬೆಳ್ಳಗೆ, ಎಡ ಮಗ್ಗುಲು ಕಪ್ಪಗೆ.

ಈಗ ಅದನ್ನೇ ಉಪಯೋಗಿಸಿಕೊಳ್ಳಿ. ಹಳೇ ಫೋಟೋದಲ್ಲಿ ಯಾವುದು ಕಪ್ಪೋ ಅದೇ ತಾನೇ ಎಡಕ್ಕೆ ತಿರುಗಿದ ಮಗ್ಗುಲು? ಪಂಚೆಯ ಮೂಲ ಫೋಟೋವನ್ನು ಕಪ್ಪು ಬಿಳುಪು ಮಾಡಿ, ತಿರುಗುಮುರುಗು ಮಾಡಿ, ಕಾಂಟ್ರಾಸ್ಟ್ ಜಾಸ್ತಿ ಮಾಡಿ ಬಿಸಿಲಿನ ತಾತನ ಮಾಸ್ಕಿಗೆ ಅಂಟಿಸಿ. ಕಪ್ಪಿದ್ದ ಮಗ್ಗುಲು ಮಾಸ್ಕಲ್ಲಿ ಬಿಳಿಯಾಗುತ್ತೆ, ಅಲ್ಲಿ ಬಿಸಿಲು ತಾನಾಗಿ ಬೀಳುತ್ತೆ. ಕೈಯಲ್ಲಿ ಬರೆಯೋಕಾಗದಷ್ಟು ಚೆನ್ನಾಗಿ ನೆರಿಗೆ ಸಿಗುತ್ತೆ.

ಎರಡು ಕಡೆ ಕೈ ಕೊಡುತ್ತೆ. ನೆರಿಗೆಯ ತೀರಾ ಒಳಗಿನ ಸಂದು ಯಾವ ಬೆಳಕಲ್ಲೂ ಕಪ್ಪೇ. ತಿರುಗುಮುರುಗು ಮಾಡಿದಾಗ ಅದೂ ಬಿಳಿಯಾಗಿ, ಸಂದಿಯೊಳಗೆ ಟ್ಯೂಬ್‌ಲೈಟ್ ಹಾಕಿದ ಹಾಗೆ ಹೊಳೆಯುತ್ತೆ. ಸಣ್ಣ ಬ್ರಶ್ಶಲ್ಲಿ ಅಷ್ಟನ್ನು ಮತ್ತೆ ಕಪ್ಪು ಮಾಡಿ. ಇನ್ನೊಂದು, ಪಂಚೆಯ ಅಂಚು. ಅಂಚಿನ ಬಣ್ಣ ಕಪ್ಪಗಿದ್ದರೆ ಮಾಸ್ಕಿಗೆ ಅದೂ ನೆರಳು ಅನ್ನಿಸುತ್ತೆ. ಅಂಚನ್ನು ಬಿಟ್ಟು ಮಾಡಿ. ಜರಿ ಸೀರೆಗೆ ಈ ಉಪಾಯ ನಡೆಯೋದೇ ಇಲ್ಲ, ಅದಕ್ಕೇ ನನಗೆ ಈ ಹೆಸರು.

ಹಳೇ ನೆಗೆಟಿವ್

ಮೇಡಂ, ಇದು ನನಗೆ ಗೊತ್ತಿರಲಿಲ್ಲ. ನಾನು ಇಷ್ಟು ವರ್ಷ ನೆರಿಗೆಯನ್ನೆಲ್ಲ ಕೈಯಲ್ಲೇ ಬರೆಯುತ್ತಿದ್ದೆ.

ಮುಖಕ್ಕೆ ಬರೋಣ. ಎಡ ಅರ್ಧಕ್ಕೆಲ್ಲ ಬಿಸಿಲು ಅಂದರೆ ಮುಖ ಹಲಗೆ ಆಗುತ್ತೆ. ಬೀಗರ ಮುಖವನ್ನು ದೊಡ್ಡದು ಮಾಡಿ ಪಕ್ಕದಲ್ಲಿ ಇಟ್ಟುಕೊಳ್ಳಿ, ಅದನ್ನೇ ನೋಡಿ ಬರೆಯಿರಿ. ಅಲ್ಲಿ ಎರಡು ಥರ ಗೆರೆ ಕಾಣುತ್ತೆ. ಹಣೆ, ಕೆನ್ನೆ ದುಂಡಗೆ ತಿರುಗುವ ಕಡೆ ಬಿಸಿಲು ಮೆಲ್ಲಗೆ ನೆರಳಾಗುತ್ತೆ. ಅಲ್ಲಿ ಮೆತ್ತನೆ ಬ್ರಶ್. ಮೂಗಿನ ನೆರಳು ಬಲಗೆನ್ನೆ ಮೇಲೆ ಬೀಳುವ ಕಡೆ, ಗಲ್ಲದ ನೆರಳು ಕತ್ತಿನ ಮೇಲೆ ಬೀಳುವ ಕಡೆ ಗೆರೆ ಚಾಕುವಿನಲ್ಲಿ ಕೊಯ್ದ ಹಾಗೆ ಇರುತ್ತೆ. ಅಲ್ಲಿ ಗಟ್ಟಿ ಬ್ರಶ್. ಎಲ್ಲ ಕಡೆ ಮೆತ್ತನೆ ಬ್ರಶ್ ಹಾಕಿದ್ದಕ್ಕೇ ನಿಮಗೆ ಅರಿಶಿನ ಕಂಡಿದ್ದು.

ಬಲಗೆನ್ನೆ ಪೂರ್ತಿ ನೆರಳಲ್ಲ. ಮೂಗಿನ ನೆರಳು ದಾಟಿದ ಮೇಲೆ ಕಣ್ಣಿನ ಕೆಳಗೆ ಒಂದು ತುಂಡು ಬಿಸಿಲು ಬಿದ್ದಿರುತ್ತೆ. ಬೀಗರ ಮುಖದಲ್ಲಿ ಇದೆಯಾ ನೋಡಿ. ಸೂರ್ಯ ಸ್ವಲ್ಪ ಮುಂದಿನಿಂದ ಅಂದಿರಲ್ಲ, ಇದ್ದೇ ಇರುತ್ತೆ.

ಆಮೇಲೆ ಬೋಳು ತಲೆಯ ಹೊಳಪು. ಛತ್ರದ ಗೋಡೆ ಹೊಳೆದದ್ದು ಬಲಗಡೆ ಇದೆ. ಅದನ್ನು ಪಕ್ಕದ ಚರ್ಮ ತಂದು ಮುಚ್ಚಿ. ಹೊಸದನ್ನು ಎಡಗಡೆ ಬರೆಯಿರಿ, ಚಿಕ್ಕದಾಗಿ. ಕಣ್ಣೊಳಗಿನ ಬಿಳಿ ಚುಕ್ಕಿಯೂ ಹಾಗೇ. ಈಗ ಅದು ಬಲಗಡೆ ಅಗಲವಾಗಿ ಇರುತ್ತೆ. ಬಿಸಿಲಿನ ಚುಕ್ಕಿ ಸೂಜಿ ಮೊನೆಯಷ್ಟು, ಎಡಗಡೆ ಮೇಲೆ. ದೊಡ್ಡ ಪ್ರಿಂಟಲ್ಲಿ ಜನ ಮೊದಲು ನೋಡುವುದು ಕಣ್ಣನ್ನೇ.

ಕ್ಲಿಕ್ ಗೌಡ

ಇಷ್ಟೆಲ್ಲ ಯಾಕೆ? ತಾತ ಇದ್ದಾರಲ್ಲ. ಅವರ ಮನೆ ಅಂಗಳದಲ್ಲಿ ಅದೇ ಹೊತ್ತಿಗೆ ನಿಲ್ಲಿಸಿ ಒಂದು ಫೋಟೋ ಹೊಡಿ. ಬಿಸಿಲು ಎಡಕ್ಕೆ ಬರೋ ಹಾಗೆ ನಿಂತ್ಕೋ. ಹತ್ತು ನಿಮಿಷದ ಕೆಲಸ.

ಹಳೇ ನೆಗೆಟಿವ್

ಗೌಡರಿಗೆ ನನ್ನ ಪೂರ್ತಿ ಮಾರ್ಕ್ಸ್. ಇದನ್ನು ನಾನೇ ಮೊದಲು ಕೇಳಬೇಕಿತ್ತು.

ಮಂಡ್ಯ ಸ್ಟುಡಿಯೋ

ಕೇಳಿದ್ದೆ ಗೌಡ್ರೇ. ತಾತ ಈಗ ಶಿವಮೊಗ್ಗದಲ್ಲಿ ಮಗಳ ಮನೆಯಲ್ಲಿದ್ದಾರೆ. ಯುಗಾದಿಗೆ ಬರುತ್ತಾರಂತೆ. ಇವರಿಗೆ ಈ ಭಾನುವಾರ ಗೃಹಪ್ರವೇಶಕ್ಕೆ ಫೋಟೋ ಬೇಕು.

ಪೆನ್ ಟೂಲ್ ಪಂಡಿತ

ಶಿವಮೊಗ್ಗದಲ್ಲಿ ಯಾರಾದ್ರೂ ಮೊಬೈಲಲ್ಲಿ ತೆಗೆದು ಕಳಿಸಲಿ?

ಮಂಡ್ಯ ಸ್ಟುಡಿಯೋ

ಕಳಿಸಿದರು. ವಾಟ್ಸಾಪಲ್ಲಿ. ಸೋಫಾ ಮೇಲೆ ಕೂತಿದ್ದಾರೆ, ಟೋಪಿ ಹಾಕಿಕೊಂಡು.

ಹಳೇ ನೆಗೆಟಿವ್

ಸರಿ, ಹಾಗಾದರೆ ನೆಲದ ನೆರಳು ನೋಡೋಣ. ಜನವರಿಯಲ್ಲಿ ನಮ್ಮ ಕಡೆ ಆರು ಗಂಟೆ ದಾಟಿದ ಮೇಲೆ ಸೂರ್ಯ ಮುಳುಗುವುದು. ನಿಮ್ಮ ಕ್ಯಾಮೆರಾ ಫೈಲಿನಲ್ಲಿ ಟೈಮ್ ಎಷ್ಟಿದೆ?

ಮಂಡ್ಯ ಸ್ಟುಡಿಯೋ

4:45 ಸಾರ್.

ಹಳೇ ನೆಗೆಟಿವ್

ಹಾಗಾದರೆ ಸೂರ್ಯ ನೆಲದಿಂದ 20 ಡಿಗ್ರಿ ಆಸುಪಾಸು ಇದ್ದ. 20 ಡಿಗ್ರಿಗೆ ನೆರಳು ಆಳಿನ ಎತ್ತರದ ಎರಡೂಮುಕ್ಕಾಲು ಪಟ್ಟು. ಐದೂವರೆ ಅಡಿ ತಾತನಿಗೆ ಹದಿನೈದು ಅಡಿ ನೆರಳು. ಜನ ಸಾಮಾನ್ಯವಾಗಿ ಕಾಲ ಬಳಿ ಒಂದು ಕಪ್ಪು ಮೊಟ್ಟೆ ಬರೆದು ಬಿಡುತ್ತಾರೆ. ಅದು ಮಧ್ಯಾಹ್ನ ಹನ್ನೆರಡು ಗಂಟೆಯ ನೆರಳು.

ನೀವು ನಿಲ್ಲಿಸಿರುವುದು ಮೆಟ್ಟಿಲ ಮೇಲೆ. ನೆರಳು ನೆಟ್ಟಗೆ ಹೋಗುವುದಿಲ್ಲ. ಮೆಟ್ಟಿಲ ಮೇಲ್ಮೈಯಲ್ಲಿ ಒಂದು ದಿಕ್ಕಿಗೆ ಓಡುತ್ತೆ, ಎದುರಿನ ನಿಂತ ಕಲ್ಲಿಗೆ ಬಂದಾಗ ಮೇಲಕ್ಕೆ ಹತ್ತುತ್ತೆ, ಮತ್ತೆ ಓಡುತ್ತೆ. ಲೆಕ್ಕ ಹಾಕಬೇಡಿ. ಬೀಗರ ನೆರಳು ಎಲ್ಲೆಲ್ಲಿ ಮುರಿದಿದೆ ನೋಡಿ, ಅದೇ ಥರ ಮುರಿಯಿರಿ. ಕಾಲ ಬಳಿ ಅಂಚು ಗಟ್ಟಿ ಇರಲಿ, ದೂರ ಹೋದ ಹಾಗೆ ಮೆತ್ತಗಾಗಲಿ. ಸೂರ್ಯನ ನೆರಳು ಮೀಟರಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಷ್ಟು ಮಸುಕಾಗುತ್ತೆ. ತಲೆಯ ನೆರಳಿಗೆ ಬರುವ ಹೊತ್ತಿಗೆ ನಾಲ್ಕೈದು ಸೆಂಟಿಮೀಟರು. ನೆರಳಿಗೆ ಕಪ್ಪು ಹಾಕಬೇಡಿ. ಒಂದು ಕರ್ವ್ಸ್ ಲೇಯರ್ ತೆಗೆದುಕೊಂಡು, ಬಿಸಿಲಿನ ಕಲ್ಲು ಬೀಗರ ನೆರಳಿನ ಕಲ್ಲಿನ ನಂಬರಿಗೆ ಬರುವ ತನಕ ಇಳಿಸಿ, ಅದರ ಮಾಸ್ಕಲ್ಲಿ ನೆರಳಿನ ಆಕಾರ ಬರೆಯಿರಿ.

ಜರಿ ಸೆರಗು

ಒಂದು ನಿಮಿಷ. ಬಿಸಿಲು ಎಡದಿಂದ. ತಾತ ಬೀಗರ ಬಲಕ್ಕೆ ನಿಂತರೆ ಬೀಗರ ನೆರಳು ತಾತನ ಮೇಲೆ ಬೀಳಬೇಕಲ್ವಾ? ಅಷ್ಟು ಕೆಳಗಿನ ಸೂರ್ಯನಿಗೆ ನೆರಳು ಸೊಂಟದ ಮೇಲೂ ಬರಬಹುದು.

ಹಳೇ ನೆಗೆಟಿವ್

ನೆರಳು ಬಲಕ್ಕೂ ಹಿಂದಕ್ಕೂ ಹೋಗುತ್ತಿದೆ. ಒಂದು ಹೆಜ್ಜೆ ಮುಂದೆ ನಿಲ್ಲಿಸಿದರೆ ತಪ್ಪುತ್ತೆ. ಇಲ್ಲದಿದ್ದರೆ ಸಾಲಿನ ಎಡತುದಿಗೆ ಹಾಕಿ, ಅಲ್ಲಿ ಅವರ ಮೇಲೆ ನೆರಳು ಹಾಕುವವರು ಯಾರೂ ಇಲ್ಲ.

ಜರಿ ಸೆರಗು

ಎಡತುದಿಗೆ ಹಾಕಿದರೆ ತಾತನ ನೆರಳು ಪಕ್ಕದವರ ಕಾಲಿಗೆ ಬರುತ್ತೆ. ನಾನಾಗಿದ್ದರೆ ಬೀಗರ ನೆರಳನ್ನು ಪಂಚೆ ಮೇಲೆ ಸ್ವಲ್ಪ ಬೀಳಿಸಿಬಿಡುತ್ತಿದ್ದೆ. ಇಬ್ಬರೂ ಒಟ್ಟಿಗೆ ನಿಂತಿದ್ದರು ಅನ್ನೋಕೆ ಅದೇ ಸಾಕ್ಷಿ.

ಹಳೇ ನೆಗೆಟಿವ್

ಗೃಹಪ್ರವೇಶದ ಫೋಟೋದಲ್ಲಿ ತಾತನ ಮೇಲೆ ಬೀಗರ ನೆರಳು! ಮನೆಯವರು ಒಪ್ಪುತ್ತಾರಾ ನೋಡಿ.

ಜರಿ ಸೆರಗು

ಹಹ್ಹಾ. ಅದು ಫೋಟೋಶಾಪಿನಾಚೆಯ ವಿಷಯ. ಒಂದು ಪರೀಕ್ಷೆ ಮಾತ್ರ ಹೇಳಿ ಹೋಗ್ತೀನಿ. ಎಲ್ಲ ಮುಗಿದ ಮೇಲೆ ಮೇಲುಗಡೆ ಒಂದು `Hue/Saturation` ಲೇಯರ್ ಹಾಕಿ, ಸ್ಯಾಚುರೇಶನ್ 80ರ ಹತ್ತಿರ ಏರಿಸಿ. ಫೋಟೋ ಅಸಹ್ಯವಾಗಿ ಕಾಣುತ್ತೆ, ಕಾಣಲಿ. ಎಲ್ಲರ ಪಂಚೆಯ ನೆರಳು ನೀಲಿಯಾಗಿ, ತಾತನದ್ದು ಮಾತ್ರ ಹಸಿರೋ ಕೆಂಪೋ ಆದರೆ ಅಲ್ಲಿ ತಪ್ಪಿದೆ ಅಂತ. ಆಮೇಲೆ ಅದನ್ನು ತೆಗೆದು ಒಂದು `Black & White` ಲೇಯರ್ ಹಾಕಿ ನೋಡಿ. ಬಣ್ಣ ಹೋದ ಮೇಲೂ ತಾತ ಎದ್ದು ಕಂಡರೆ ತಪ್ಪು ಬೆಳಕಿನದ್ದು.

ಮಂಡ್ಯ ಸ್ಟುಡಿಯೋ

ಎಲ್ಲರಿಗೂ ವರದಿ. ಶನಿವಾರ ರಾತ್ರಿ ಮುಗಿಸಿದೆ. ತಾತನನ್ನು ಬೀಗರ ಬಲಕ್ಕೇ, ಒಂದು ಹೆಜ್ಜೆ ಮುಂದೆ ನಿಲ್ಲಿಸಿದೆ. ನೆರಿಗೆಯ ಉಪಾಯ ಅದ್ಭುತ ಮೇಡಂ. ಸಂದಿಯ ಟ್ಯೂಬ್‌ಲೈಟ್ ತೆಗೆಯೋಕೆ ಅರ್ಧ ಗಂಟೆ ಹಿಡಿಯಿತು, ಅಷ್ಟೇ. ಸ್ಯಾಚುರೇಶನ್ ಪರೀಕ್ಷೆಯಲ್ಲಿ ತಾತನ ಕತ್ತಿನ ಕೆಳಗೆ ಹಸಿರು ಬಂತು. ಅಲ್ಲಿ ಛತ್ರದ ಟ್ಯೂಬ್‌ಲೈಟ್ ಬೆಳಕು ಉಳಿದಿತ್ತು ಅನ್ಸುತ್ತೆ, ತೆಗೆದೆ.

ಬೆಳಿಗ್ಗೆ ಪ್ರಿಂಟ್ ತಗೊಂಡು ಹೋದೆ. ಎಲ್ಲರೂ ಚೆನ್ನಾಗಿದೆ ಅಂದರು. ಅಜ್ಜಿ ಮಾತ್ರ ಕನ್ನಡಕ ಏರಿಸಿಕೊಂಡು ತುಂಬಾ ಹೊತ್ತು ನೋಡಿದರು. 'ಎಲ್ಲಾ ಸರಿ ಕಣಪ್ಪ, ಇವ್ರ ಕಾಲು ನೆಲಕ್ಕೆ ಊರಿಲ್ವಲ್ಲ' ಅಂದರು.

ಹಳೇ ನೆಗೆಟಿವ್

ಅಜ್ಜಿಯನ್ನು ನಿಮ್ಮ ಸ್ಟುಡಿಯೋಗೆ ಸೇರಿಸಿಕೊಳ್ಳಿ. ಉದ್ದ ನೆರಳು ಹಾಕಿ, ಚಪ್ಪಲಿಯ ಅಡಿಯ ಗೆರೆ ಮರೆತಿದ್ದೀರಿ. ಚಪ್ಪಲಿ ಕಲ್ಲಿಗೆ ತಾಗುವ ಕಡೆ ಬೆಳಕು ಹೋಗಲು ಜಾಗವೇ ಇಲ್ಲ. ಅಲ್ಲಿ ಎರಡು ಮೂರು ಪಿಕ್ಸೆಲ್ ದಪ್ಪದ, ಇಡೀ ನೆರಳಿನಲ್ಲೇ ಅತಿ ಕಪ್ಪಾದ ಗೆರೆ ಇರುತ್ತೆ. `Multiply` ಲೇಯರಲ್ಲಿ ಬರೆಯಿರಿ. ಹಿಮ್ಮಡಿಯ ಬಳಿ ಗಟ್ಟಿ, ಬೆರಳ ಕಡೆ ಸ್ವಲ್ಪ ಸಡಿಲ.

ಮಂಡ್ಯ ಸ್ಟುಡಿಯೋ

ಬರೆದೆ ಸಾರ್. ಕಾಲು ಊರಿತು. ಇನ್ನೊಂದು ಪ್ರಿಂಟಿನ ದುಡ್ಡು ನನ್ನ ತಲೆ ಮೇಲೆ.

ದೀಪದ ಭಾನುವಾರ

ನನ್ನ ಜೋಡಿಯಲ್ಲಿ ಗಂಡು ಕನ್ನಡಕ ಹಾಕಿದ್ದಾನೆ. ಗಾಜಲ್ಲಿ ಸ್ಟುಡಿಯೋದ ಸಾಫ್ಟ್‌ಬಾಕ್ಸ್ ಚೌಕಾಕಾರದಲ್ಲಿ ಕೂತಿದೆ, ಅದರ ಹಿಂದೆ ಕಣ್ಣೇ ಕಾಣಲ್ಲ. ಅದಕ್ಕೇನು ಮಾಡೋದು?

ಜರಿ ಸೆರಗು

ಅದೇ ದಿನದ ಬೇರೆ ಫ್ರೇಮಲ್ಲಿ ಕಣ್ಣು ಕಾಣುತ್ತಾ?

ದೀಪದ ಭಾನುವಾರ

ಒಂದರಲ್ಲಿ ಕಾಣುತ್ತೆ. ಆದರೆ ಅದರಲ್ಲಿ ಕಣ್ಣು ಮುಚ್ಚಿದ್ದಾನೆ.